ಮೊದಲು ರೈಸ್, ಆಮೇಲೆ ಕಾಲಿನ ಅಗಲ

ಕಳೆದ ತಿಂಗಳು ನನ್ನ ಮೊಮ್ಮಗಳು ಕಮರ್ಷಿಯಲ್ ಸ್ಟ್ರೀಟಿನಿಂದ ಅಗಲ ಕಾಲಿನ ಪ್ಯಾಂಟೊಂದನ್ನು ತಂದಳು. ಅದನ್ನು ಹಾಕಿಕೊಂಡು ಕನ್ನಡಿಯ ಮುಂದೆ ಎರಡು ನಿಮಿಷ ನಿಂತವಳು, "ನನ್ನಂಥ ಕುಳ್ಳಿಗೆ ಇದು ಒಪ್ಪಲ್ಲ ಬಿಡಜ್ಜಿ" ಎಂದು ಮಡಿಸಿಟ್ಟುಬಿಟ್ಟಳು. ನಲವತ್ತು ವರ್ಷಗಳಿಂದ ಮನೆಯವರೆಲ್ಲರ ಬಟ್ಟೆಯನ್ನು ಹೊಲಿದು, ಬಿಚ್ಚಿ, ಮತ್ತೆ ಹೊಲಿದ ನನಗೆ ಆ ಮಾತು ಸರಿಯೆನಿಸಲಿಲ್ಲ. ಅವಳನ್ನು ಮತ್ತೆ ನಿಲ್ಲಿಸಿ ಟೇಪು ಹಿಡಿದಾಗ ತಿಳಿದದ್ದೇನೆಂದರೆ, ದೋಷವಿದ್ದದ್ದು ಅವಳ ಎತ್ತರದಲ್ಲೂ ಅಲ್ಲ, ಪ್ಯಾಂಟಿನ ಕಾಲಿನ ಅಗಲದಲ್ಲೂ ಅಲ್ಲ, ಅದರ ರೈಸಿನಲ್ಲಿ.

ಎರಡು ಕಾಲುಗಳ ಹೊಲಿಗೆ ಕೂಡುವ ಜಾಗದಿಂದ ಸೊಂಟದ ಪಟ್ಟಿಯ ಮೇಲಂಚಿನವರೆಗಿನ ಉದ್ದವನ್ನು ರೈಸ್ ಎನ್ನುತ್ತಾರೆ. ಅವಳು ತಂದ ಪ್ಯಾಂಟಿನಲ್ಲಿ ಇದು ಮುಂಭಾಗದಲ್ಲಿ 8 ಇಂಚು ಮಾತ್ರ ಇದ್ದುದರಿಂದ ಪಟ್ಟಿಯು ಹೊಕ್ಕುಳಿಗಿಂತ ಸಾಕಷ್ಟು ಕೆಳಗೆ, ನೆಲದಿಂದ 35 ಇಂಚು ಎತ್ತರದಲ್ಲಿ ಕೂರುತ್ತಿತ್ತು. ಹುಡುಗಿಯ ಎತ್ತರ 5 ಅಡಿ 2 ಇಂಚು, ಅಂದರೆ 62 ಇಂಚು. ಹೀಗಾಗಿ ಪಟ್ಟಿಯ ಮೇಲೆ 27 ಇಂಚು ಉಳಿಯುತ್ತಿತ್ತು. ನಡುವು ಸಹಜವಾಗಿ ಸಣ್ಣಗಾಗುವ ಜಾಗವನ್ನು ಅಳೆದರೆ ಅದು ನೆಲದಿಂದ 38½ ಇಂಚಿನಲ್ಲಿತ್ತು. ಪಟ್ಟಿ ಅಲ್ಲಿ ಕೂತರೆ ಮೇಲ್ಭಾಗ 23½ ಇಂಚಿಗೆ ಇಳಿಯುತ್ತದೆ. ನೋಡುವವರ ಕಣ್ಣು ಕಾಲು ಎಲ್ಲಿಂದ ಶುರುವಾಯಿತೆಂದು ಲೆಕ್ಕ ಹಾಕುವುದು ಪಟ್ಟಿಯಿಂದಲೇ ಆದ್ದರಿಂದ, ಈ ಮೂರೂವರೆ ಇಂಚಿನಿಂದ ಅದೇ ಕಾಲು ಉದ್ದವಾಗಿಯೂ ಕಾಣುತ್ತದೆ, ಮೊಟಕಾಗಿಯೂ ಕಾಣುತ್ತದೆ. ಕೆಳಗೆ ಇಪ್ಪತ್ನಾಲ್ಕು ಇಂಚು ಸುತ್ತಳತೆಯ ಅಗಲದ ಬಟ್ಟೆ ಹರಡಿಕೊಂಡಿರುವಾಗ ಪಟ್ಟಿಯೂ ಕೆಳಗಿಳಿದರೆ ಕಾಲು ಉದ್ದಕ್ಕಿಂತ ಅಗಲವೇ ಹೆಚ್ಚೆಂಬಂತೆ ತೋರುತ್ತದೆ. ಅವಳಿಗೆ ಕನ್ನಡಿಯಲ್ಲಿ ಕಂಡದ್ದು ಅದೇ.

ನಿಮಗೆ ಬೇಕಾದ ರೈಸನ್ನು ಮನೆಯಲ್ಲೇ ಅಳೆದುಕೊಳ್ಳಬಹುದು. ನಡುವಿಗೆ ಒಂದು ದಾರವನ್ನು ಕಟ್ಟಿಕೊಂಡು, ಮೆತ್ತೆಯಿಲ್ಲದ ಮರದ ಕುರ್ಚಿಯ ಮೇಲೆ ನೆಟ್ಟಗೆ ಕೂತು, ಪಕ್ಕದಲ್ಲಿ ಆ ದಾರದಿಂದ ಕುರ್ಚಿಯ ಹಲಗೆಯವರೆಗೆ ಬೇರೊಬ್ಬರಿಂದ ಅಳೆಸಬೇಕು. ತಾನೇ ಬಗ್ಗಿ ಅಳೆದರೆ ಲೆಕ್ಕ ತಪ್ಪುತ್ತದೆ. ಮೊಮ್ಮಗಳಿಗೆ ಅದು 10 ಇಂಚು ಬಂತು. ಕೂತೇಳುವ ಸಡಿಲಕ್ಕೆ ಅದಕ್ಕೆ ಅರ್ಧದಿಂದ ಮುಕ್ಕಾಲು ಇಂಚು ಸೇರಿಸಬೇಕು. ಅಂಗಡಿಯಲ್ಲಿ ಪ್ಯಾಂಟಿನ ಮುಂಭಾಗದ ಹೊಲಿಗೆಯ ಮೇಲೆ ಟೇಪು ಇಟ್ಟು ಅಳೆಯುವಾಗ ಆ ಹೊಲಿಗೆ ಬಾಗಿ ಹೋಗುವುದರಿಂದ ಇನ್ನೊಂದು ಇಂಚಿನಷ್ಟು ಹೆಚ್ಚು ಬರುತ್ತದೆ. ಹಾಗಾಗಿ ಅವಳು ಹುಡುಕಬೇಕಾದದ್ದು ಹನ್ನೊಂದೂವರೆ ಇಂಚಿನ ಆಸುಪಾಸಿನ ರೈಸನ್ನು. ಹಿಂಭಾಗದ ರೈಸ್ ಇದಕ್ಕಿಂತ ಮೂರು ನಾಲ್ಕು ಇಂಚು ಉದ್ದವಿರುವುದು ಸಹಜ, ಏಕೆಂದರೆ ಕೂರುವಾಗ ಬಟ್ಟೆ ಬೇಕಾಗುವುದು ಹಿಂದೆಯೇ.

ರೈಸ್ ಸಾಲದಿದ್ದರೆ ಪ್ಯಾಂಟೇ ಅದನ್ನು ಹೇಳುತ್ತದೆ. ಮುಂದುಗಡೆ ಕಾಲುಗಳು ಕೂಡುವ ಜಾಗದಿಂದ ಎರಡೂ ತೊಡೆಗಳ ಕಡೆಗೆ ಓರೆ ಗೆರೆಗಳು ಎಳೆದುಕೊಳ್ಳುತ್ತವೆ, ಕೂತಾಗ ಹಿಂದಿನ ಪಟ್ಟಿ ಜಾರಿ ಇಳಿಯುತ್ತದೆ. ಹೆಚ್ಚಾದರೆ ಕೂಡುವ ಜಾಗವು ದೇಹದಿಂದ ಕೆಳಗೆ ಜೋತುಬಿದ್ದು ಕಾಲು ಅಷ್ಟೇ ಗಿಡ್ಡವಾಗಿ ಕಾಣುವುದಲ್ಲದೆ, ಬಸ್ಸಿನ ಮೆಟ್ಟಿಲು ಹತ್ತುವಾಗ ಬಟ್ಟೆಯು ತೊಡೆಗೆ ತಡೆಯುತ್ತದೆ. ಇಲ್ಲಿ ಅನೇಕರು ಮಾಡುವ ತಪ್ಪೆಂದರೆ, ಕಡಿಮೆ ರೈಸಿನ ಪ್ಯಾಂಟಿನಲ್ಲಿ ಒಂದು ಸೈಜು ದೊಡ್ಡದನ್ನು ಕೊಳ್ಳುವುದು. ಸೈಜು ಏರಿದರೆ ಸುತ್ತಳತೆ ಇಂಚುಗಟ್ಟಲೆ ಏರುತ್ತದೆಯೇ ಹೊರತು ರೈಸ್ ಬೆಳೆಯುವುದು ಅತ್ಯಲ್ಪ. ಕೊನೆಗೆ ಸಡಿಲವಾದ ಪ್ಯಾಂಟು ಇನ್ನಷ್ಟು ಕೆಳಗೆ ಜಾರುತ್ತದೆ.

ರೈಸನ್ನು ಮೊದಲು ನೋಡಿ ಎಂದು ನಾನು ಒತ್ತಿ ಹೇಳುವುದಕ್ಕೆ ಮುಖ್ಯ ಕಾರಣ, ಅದನ್ನು ಕೊಂಡ ಮೇಲೆ ಸರಿಪಡಿಸುವುದು ಕಷ್ಟ ಎನ್ನುವುದು. ಸೊಂಟವನ್ನು ಹಿಡಿಸಬಹುದು, ಕಾಲನ್ನು ಸಣ್ಣ ಮಾಡಿಸಬಹುದು, ಆದರೆ ಮೇಲೆ ಇಲ್ಲದ ಬಟ್ಟೆಯನ್ನು ಯಾವ ಟೈಲರೂ ತಂದು ಸೇರಿಸಲಾರರು. ನೇರ ಕಾಲಿನ ಪ್ಯಾಂಟಿನಲ್ಲಿ ಮಂಡಿಯ ಅಗಲವೂ ಬಾಟಮ್ಮಿನ ಅಗಲವೂ ಹೆಚ್ಚುಕಡಿಮೆ ಒಂದೇ. ಅದನ್ನು ಕೆಳಮುಖವಾಗಿ ಕಿರಿದಾಗುವಂತೆ ಹೊಲಿಸಿದರೆ ಟೇಪರ್ ಆಗುತ್ತದೆ, ಇದು ಅರ್ಧ ಗಂಟೆಯ ಕೆಲಸ. ಒಂದು ಎಚ್ಚರಿಕೆಯೆಂದರೆ, ಹಿಗ್ಗದ ಬಟ್ಟೆಯಲ್ಲಿ ಬಾಟಮ್ಮಿನ ಸುತ್ತಳತೆಯು ಹಿಮ್ಮಡಿಯನ್ನೂ ಪಾದದ ಮೇಲ್ಭಾಗವನ್ನೂ ಸುತ್ತಿ ತೆಗೆದ ಅಳತೆಗಿಂತ ಕಡಿಮೆಯಾದರೆ ಪಾದ ಒಳಗೆ ತೂರುವುದೇ ಇಲ್ಲ.

ಎತ್ತರ ಕಡಿಮೆ ಇರುವವರು ಫ್ಲೇರ್ ಕೊಳ್ಳುವಾಗ ಇನ್ನೊಂದನ್ನೂ ನೋಡಬೇಕು. 1970ರ ದಶಕದ ಬೆಲ್ ಬಾಟಮ್ಮಿನ ಸಂತತಿಯಾದ ಈ ಪ್ಯಾಂಟಿನ ಅಂದವೆಲ್ಲ ಮಂಡಿಯಲ್ಲಿದೆ: ಅಲ್ಲಿ 16 ಇಂಚಿಗೆ ಕಿರಿದಾಗಿ, ಅಲ್ಲಿಂದ ಬಾಟಮ್ಮಿಗೆ 22 ಇಂಚಿನಷ್ಟು ಅರಳುತ್ತದೆ. ಎತ್ತರದವರಿಗೆಂದು ಕತ್ತರಿಸಿದ ಫ್ಲೇರನ್ನು ಗಿಡ್ಡಗಿರುವವರು ಕೊಂಡರೆ ಆ ಕಿರಿದಾದ ಜಾಗ ಮಂಡಿಯಿಂದ ಇಳಿದು ಮೀನಖಂಡದ ಮೇಲೆ ಬಂದು ಕೂರುತ್ತದೆ; ಉದ್ದ ಹೆಚ್ಚಾಯಿತೆಂದು ಕೆಳಗೆ ಮೂರು ಇಂಚು ಕತ್ತರಿಸಿದರೆ ಎಲ್ಲಕ್ಕಿಂತ ಅರಳಿದ ಭಾಗವೇ ಹೋಗಿಬಿಡುತ್ತದೆ. ಟೇಪರ್ ಪ್ಯಾಂಟಿನಲ್ಲಿ ಇದು ತಿರುಗುಮುರುಗಾಗಿ, ಕತ್ತರಿಸಿದಷ್ಟೂ ಬಾಟಮ್ ಅಗಲವಾಗುತ್ತದೆ, ಆದರೆ ಅದನ್ನು ಮತ್ತೆ ಹಿಡಿಸಬಹುದು. ಫ್ಲೇರಿಗೆ ಆ ಅನುಕೂಲವಿಲ್ಲ. ಹಾಗಾಗಿ ಫ್ಲೇರನ್ನು ಹಾಕಿ ನೋಡುವಾಗ ನಿಂತು ಮಂಡಿಯ ಮೇಲೆ ಬೆರಳಿಟ್ಟು, ಬಟ್ಟೆ ಅಲ್ಲಿಯೇ, ಅಥವಾ ಅದಕ್ಕಿಂತ ಸ್ವಲ್ಪ ಮೇಲೆ ಕಿರಿದಾಗಿದೆಯೇ ಎಂದು ಪರೀಕ್ಷಿಸಿ.

ಎತ್ತರದ ರೈಸ್ ಎಲ್ಲರಿಗೂ ಹೊಂದುತ್ತದೆ ಎಂದು ತಿಳಿಯಬಾರದು. ನನ್ನ ತಂಗಿಯ ಕಾಲು ಉದ್ದ, ಮೇಲ್ಭಾಗ ಮೊಟಕು. ಅವಳಿಗೆ ಎದೆಯ ಕೆಳಗಿನ ಗೆರೆಯಿಂದ ನಡುವಿಗೆ ಒಂದು ಅಂಗೈ ಅಗಲವೂ ಇಲ್ಲ. ಅಂಥವರಿಗೆ ಪಟ್ಟಿ ನಡುವಿಗೇರಿದರೆ ಮೈಯೆಲ್ಲ ಪ್ಯಾಂಟೇ ಆದಂತೆ ಕಾಣುವುದಲ್ಲದೆ ಕೂತಾಗ ಪಕ್ಕೆಲುಬಿಗೆ ಒತ್ತುತ್ತದೆ, ಆದ್ದರಿಂದ ಹೊಕ್ಕುಳಿಗಿಂತ ಎರಡು ಬೆರಳು ಕೆಳಗೆ ಕೂರುವ ಮಧ್ಯಮ ರೈಸೇ ಅವರಿಗೆ ಒಳಿತು. ಮಂಡಿಯವರೆಗಿನ ಕುರ್ತಾ ತೊಡುವವರ ಪಟ್ಟಿಯಂತೂ ಯಾರಿಗೂ ಕಾಣುವುದಿಲ್ಲ. ಅವರು ರೈಸನ್ನು ನೋಡಬೇಕಾದದ್ದು ಕೂರುವ ಹಿತಕ್ಕಾಗಿ ಮಾತ್ರ. ಅಂಥ ಕುರ್ತಾದ ಕೆಳಗೆ ನೇರ ಅಥವಾ ಟೇಪರ್ ಕಾಲು ಹಗುರವಾಗಿ ಕಾಣುತ್ತದೆ ಎಂಬುದು ನನ್ನ ಅಭಿಪ್ರಾಯ.

ಮೊಮ್ಮಗಳು ಆ ಪ್ಯಾಂಟನ್ನು ಹಿಂದಿರುಗಿಸಿ, ಹನ್ನೊಂದೂವರೆ ಇಂಚು ರೈಸಿನ, ಅಷ್ಟೇ ಅಗಲ ಕಾಲಿನ ಇನ್ನೊಂದನ್ನು ತಂದಳು. ಅಂಗಿಯನ್ನು ಒಳಗೆ ಸಿಕ್ಕಿಸಿ ನಿಂತಾಗ ಅವಳಿಗೇ ವ್ಯತ್ಯಾಸ ತಿಳಿಯಿತು. ಉದ್ದ ಮಾತ್ರ ಎರಡು ಇಂಚು ಹೆಚ್ಚಿತ್ತು. ಹತ್ತಿಯ ಬಟ್ಟೆಯಾದ್ದರಿಂದ ಮೊದಲು ಒಗೆದು ಒಣಗಿಸಿ, ಕುಗ್ಗುವಷ್ಟು ಕುಗ್ಗಲು ಬಿಟ್ಟೆ. ಆಮೇಲೆ ಅವಳು ಕೆಲಸಕ್ಕೆ ಹೋಗುವಾಗ ಮೆಟ್ಟುವ ಚಪ್ಪಲಿಯನ್ನೇ ಹಾಕಿಸಿ ನಿಲ್ಲಿಸಿ, ಹಿಂಭಾಗದಲ್ಲಿ ನೆಲದಿಂದ ಮುಕ್ಕಾಲು ಇಂಚು ಮೇಲಕ್ಕೆ ಗುಂಡುಪಿನ್ನು ಚುಚ್ಚಿದೆ. ಬೆಂಗಳೂರಿನ ಸಂಜೆ ಮಳೆಯಲ್ಲಿ ಇದಕ್ಕಿಂತ ಕೆಳಗಿರುವ ಅಂಚು ರಸ್ತೆಯ ನೀರನ್ನೆಲ್ಲ ಹೀರಿ ಮಂಡಿಯವರೆಗೂ ಏರಿಸುತ್ತದೆ. ಹೆಚ್ಚಾದ ಬಟ್ಟೆಯನ್ನು ಕತ್ತರಿಸದೆ ಒಳಕ್ಕೆ ಮಡಿಸಿ ಕೈಹೊಲಿಗೆ ಹಾಕಿದ್ದೇನೆ. ಮುಂದೆ ಎತ್ತರದ ಹಿಮ್ಮಡಿಯ ಚಪ್ಪಲಿ ಕೊಂಡರೆ ಬಿಚ್ಚಿ ಇಳಿಸಿಕೊಳ್ಳಬಹುದು.