ಮೂವತ್ತಡಿ ಸೈಟಿನ ಎಲಿವೇಷನ್: ಕ್ಲಾಡಿಂಗ್ ಬಿಟ್ಟು ಅಳತೆ ಹಿಡಿದ ನನ್ನ ಅನುಭವ

ಕೊಪ್ಪಳದಲ್ಲಿ ಹೋದ ವರ್ಷ ಮುಗಿಸಿದ ಒಂದು ಮನೆಯ ಎಲಿವೇಷನ್ ಹೇಗೆ ಮಾಡಿದಿರಿ ಎಂದು ಈಗ ಫೋನ್ ಮಾಡುವವರಲ್ಲಿ ಆವತ್ತು ನಕ್ಕವರೂ ಇದ್ದಾರೆ. ಒಬ್ಬೊಬ್ಬರಿಗೂ ಹೇಳುವುದಕ್ಕಿಂತ ಬರೆದುಬಿಡುವುದೇ ವಾಸಿ.

30x40 ಸೈಟು, ಉತ್ತರಕ್ಕೆ ಮುಖ, ಎದುರಿಗೆ 20 ಅಡಿ ರಸ್ತೆ. ಎರಡೂ ಬದಿಗೆ ಮೂರಡಿ ಬಿಟ್ಟರೆ ಉಳಿಯುವುದು 24 ಅಡಿ ಅಗಲ. ಮಾಲೀಕರ ಕೈಯಲ್ಲಿ ಆಗಲೇ ಒಂದು 3ಡಿ ಚಿತ್ರ ಇತ್ತು: ಗೋಡೆಗೆ ಕ್ಲಾಡಿಂಗ್ ಎಂದು ಹೊದಿಸುವ ಕಲ್ಲಿನ ಟೈಲ್ಸು, ಸಿಎನ್‌ಸಿ ಜಾಲಿ, ಎರಡು ಮಹಡಿ ಸುತ್ತಿ ಬಂದ ದೊಡ್ಡ ಫ್ರೇಮು. ಮುಂಭಾಗಕ್ಕಷ್ಟೇ ಮೂರೂವರೆ ಲಕ್ಷದ ಹತ್ತಿರ ಕೊಟೇಷನ್. ನಾನು ಲಕ್ಷದೊಳಗೆ ಮಾಡಿಕೊಡುತ್ತೇನೆ ಎಂದಾಗ ಮನೆಯವರೆಲ್ಲ ಮುಖ ಮುಖ ನೋಡಿಕೊಂಡರು.

ಅಗಲವನ್ನು 16 ಮತ್ತು 8 ಎಂದು ಒಡೆದೆ. 16 ಅಡಿಯದು ಮುಖ್ಯ ಭಾಗ, 8 ಅಡಿಯದು ಮೆಟ್ಟಿಲಿನ ಗೋಪುರ. ಪ್ಲಿಂತ್ ಒಂದೂವರೆ, ಎರಡು ಮಹಡಿಗೆ ಇಪ್ಪತ್ತು, ಪ್ಯಾರಾಪೆಟ್ ಎರಡೂವರೆ ಸೇರಿ ಎತ್ತರ 24. ಅಂದರೆ ಮುಖ್ಯ ಭಾಗ 16ಕ್ಕೆ 24. ಕಿಟಕಿಯನ್ನೂ ಅದೇ ಲೆಕ್ಕಕ್ಕೆ ತಂದು 4 ಅಡಿ ಅಗಲ, 6 ಅಡಿ ಎತ್ತರ ಮಾಡಿದೆ. ಹಾಳೆಯ ಮೇಲೆ ಗೋಡೆಗೊಂದು ಕರ್ಣ, ಕಿಟಕಿಗೊಂದು ಕರ್ಣ ಎಳೆದರೆ ಎರಡೂ ಒಂದೇ ಓರೆಯಲ್ಲಿ ಬೀಳುತ್ತವೆ. ನೋಡುವವರಿಗೆ ಈ ಗೆರೆ ಕಾಣುವುದಿಲ್ಲ, ಆದರೆ ಗೋಡೆಯೂ ಕಿಟಕಿಯೂ ಒಂದೇ ಮನೆತನದವು ಅನಿಸುತ್ತದೆ. ಮೊದಲು ಸುವರ್ಣ ಅನುಪಾತ ಎನ್ನುವ 1.618 ಹಿಡಿದು ನೋಡಿದ್ದೆ. 4 ಅಡಿಗೆ ಎತ್ತರ ಆರಡಿ ಐದೂವರೆ ಇಂಚು ಬಂತು. ಇಟ್ಟಿಗೆ ವರಸೆಗೂ ಕೂಡಲಿಲ್ಲ, ಬಡಿಗರೂ ಒಪ್ಪಲಿಲ್ಲ. ಬಿಟ್ಟೆ.

ಲಯದ್ದು ಬೇರೆ ಲೆಕ್ಕ. 16 ಅಡಿಯನ್ನು 2, 4, 4, 4, 2 ಎಂದು ಹಂಚಿದೆ: ಗೋಡೆ, ಕಿಟಕಿ, ಗೋಡೆ, ಕಿಟಕಿ, ಗೋಡೆ. ಕೆಳಗಡೆ ಒಂದು ಕಿಟಕಿಯ ಜಾಗಕ್ಕೆ ಚೌಕಟ್ಟು ಸೇರಿ 4 ಅಡಿಯ ಬಾಗಿಲು ಬಂತು, ತಲೆ ಮಾತ್ರ ಏಳಡಿಯ ಅದೇ ಲಿಂಟಲ್ ಮಟ್ಟಕ್ಕೆ. ಹಂಪಿಯ ಗಜಶಾಲೆ ನೋಡಿದವರಿಗೆ ಇದು ಹೊಸದಲ್ಲ. ಹನ್ನೊಂದು ಕೋಣೆಗಳ ಮೇಲೆ ಗುಮ್ಮಟ ಒಂದೇ ತರ ಇಲ್ಲ, ನಡುವಿನದಂತೂ ಎಲ್ಲಕ್ಕಿಂತ ಮೇಲೆದ್ದಿದೆ. ಆದರೂ ಕೆಳಗೆ ಕಮಾನುಗಳ ಸಾಲು ತಪ್ಪಿಲ್ಲ. ಒಂದನ್ನು ಬದಲಿಸಬೇಕಾದರೆ ಇನ್ನೊಂದನ್ನು ಬಿಗಿಯಾಗಿ ಹಿಡಿಯಬೇಕು.

ಕಾಡಿದ್ದು ಮೆಟ್ಟಿಲ ಕಿಟಕಿ. ಲ್ಯಾಂಡಿಂಗು ಅರ್ಧ ಮಹಡಿಗೆ ಬರುತ್ತದಲ್ಲ, ಅಲ್ಲಿ ಕಿಟಕಿ ಇಟ್ಟರೆ ಯಾವ ಲಿಂಟಲ್‌ಗೂ ಸೇರದೆ ನಡುವೆ ತೂಗಾಡುತ್ತದೆ. ನಮ್ಮೂರ ಮುಕ್ಕಾಲು ಮನೆಗಳ ಎಲಿವೇಷನ್ ಕೆಡುವುದು ಇಲ್ಲೇ. ಕೆಳಗಿನ ಕಿಟಕಿಯ ತಳದಿಂದ ಮೇಲಿನ ಕಿಟಕಿಯ ತಲೆಯವರೆಗೆ, 16 ಅಡಿ ಉದ್ದಕ್ಕೆ, ಎರಡಡಿ ಅಗಲದ ಒಂದೇ ಪಟ್ಟಿ ಮಾಡಿ ಸಿಮೆಂಟ್ ಜಾಲಿ ಕೂಡಿಸಿದೆ. ಲ್ಯಾಂಡಿಂಗಿನ ಸ್ಲ್ಯಾಬು ಜಾಲಿ ಹಿಂದೆ ಹಾಯುತ್ತದೆ, ಅದರ ಅಂಚಿಗೆ ಕಪ್ಪು ಬಣ್ಣ. ಪಟ್ಟಿಯ ಎರಡೂ ತುದಿ ಕಿಟಕಿಗಳ ಜೊತೆ ಕೂಡಿಕೊಂಡಿದ್ದರಿಂದ ನಡುವೆ ಏನಿದೆ ಎಂದು ಯಾರೂ ಹುಡುಕುವುದಿಲ್ಲ. ಜಾಲಿಗೆ ಕೂಲಿ ಸೇರಿ ಹದಿನೈದು ಸಾವಿರದ ಆಸುಪಾಸು.

ಗೋಡೆ ಎದ್ದ ಮೇಲೆ ಮೇಸ್ತ್ರಿ, "ಸರ್ರ, ಇದು ಆಸ್ಪತ್ರಿ ಕಂಡಂಗ ಕಾಣತೈತ್ರಿ" ಅಂದ. ಪ್ಲಾಸ್ಟರ್ ಇಲ್ಲದ ಗೋಡೆಯಲ್ಲಿ ಹಾಗೇ ಕಾಣುತ್ತದೆ. ಮನೆಯ ಗಾತ್ರ ತಿಳಿಯಲು ಕಣ್ಣಿಗೆ ಗೊತ್ತಿರುವ ಅಳತೆ ಬೇಕು. ಆರಿಂಚಿನ ಮೂರು ಮೆಟ್ಟಿಲು, ಅಷ್ಟೇ ಎತ್ತರಕ್ಕೆ ಇಳಕಲ್ ಗ್ರಾನೈಟಿನ ಪ್ಲಿಂತ್, ಸ್ಲ್ಯಾಬ್ ಮಟ್ಟದಲ್ಲಿ ಒಂದು ಪಟ್ಟಿ ಬಂದ ಮೇಲೆ ಮನೆ ಮನೆಯಾಯಿತು. ಎರಡು ಮಹಡಿಗೆ ಒಂದೇ ಫ್ರೇಮ್ ಸುತ್ತಿದರೆ ಈ ಪಟ್ಟಿಯೇ ಮುಚ್ಚಿಹೋಗುತ್ತದೆ. ಆಗ ಮಹಡಿ ಎಣಿಸಲಾಗದೆ ಸಣ್ಣ ಮನೆ ಸಿನಿಮಾ ಸೆಟ್ಟಿನಂತೆ ಕಾಣುತ್ತದೆ.

ಕಂಪ್ಯೂಟರಿನ ಎಲಿವೇಷನ್ ನಂಬುವವರಿಗೆ ಇನ್ನೊಂದು ಮಾತು. ರಸ್ತೆಯ ಆಚೆ ದಂಡೆಯಲ್ಲಿ ನಿಂತರೆ, ಮನೆ ಮುಂದೆ ಬಿಟ್ಟ ಜಾಗವೂ ಸೇರಿ, ಗೋಡೆಗೂ ನಮಗೂ 25 ಅಡಿ. ಅಲ್ಲಿಂದ ನೋಡಿದರೆ ಮೇಲಿನ ಮಹಡಿಯ ಎರಡಡಿ ಛಜ್ಜಾ ತನ್ನ ಮೇಲಿನ ಗೋಡೆಯಲ್ಲಿ ಒಂದೂಕಾಲು ಅಡಿಯಷ್ಟನ್ನು ಮರೆಮಾಡುತ್ತದೆ. ಪರದೆಯ ಮೇಲೆ ಸರಿಯಿದ್ದ ಪ್ಯಾರಾಪೆಟ್ ರಸ್ತೆಯಿಂದ ಗಿಡ್ಡ. ಅದಕ್ಕೇ ಗೋಡೆ ಒಡೆಯುವ ಪ್ರಸಂಗ ಬರದಿರಲಿ ಎಂದು 4x6 ಕರಿ ಬಟ್ಟೆ ಕತ್ತರಿಸಿ ಮೊಳೆ ಹೊಡೆದು, ಎದುರು ಮನೆ ಕಟ್ಟೆಯ ಮೇಲೆ ಕೂತು ನೋಡಿದ್ದೆವು. ಉತ್ತರ ಮುಖವಾದ್ದರಿಂದ ವರ್ಷದ ಬಹುಪಾಲು ನೇರ ಬಿಸಿಲಿಲ್ಲ, ಪ್ಲಾಸ್ಟರಿನಲ್ಲಿ ಗೀರಿನಂತೆ ಗ್ರೂವ್ ಹೊಡೆದರೆ ನೆರಳೇ ಬೀಳುವುದಿಲ್ಲ. ಅರ್ಧ ಇಂಚು, ಮುಕ್ಕಾಲು ಇಂಚು ಎರಡೂ ಹೊಡೆಸಿ ನೋಡಿ ಮುಚ್ಚಿಸಿದೆ, ನಾಲ್ಕೈದು ಸಾವಿರ ನೀರಿಗೆ ಹೋಯಿತು. ಕಡೆಗೆ ಆಳದ ಭಾಸ ತಂದದ್ದು ಎರಡು ಬೂದಿ ಬಣ್ಣ. ಯಾವ ಎರಡು, ಯಾವುದು ಎಲ್ಲಿ ಎಂಬುದು ನನ್ನ ಬಳಿಯೇ ಇರಲಿ.

ಒಟ್ಟು ತೊಂಬತ್ತು ಸಾವಿರ ದಾಟಲಿಲ್ಲ. 20 ಅಡಿ ಸೈಟಿಗೆ ಮಾತ್ರ ಈ ಹಂಚಿಕೆ ಕೂಡುವುದಿಲ್ಲ. ಎರಡೂ ಬದಿ ಬಿಟ್ಟ ಮೇಲೆ 14 ಅಡಿ ಸಿಕ್ಕರೆ ಮೆಟ್ಟಿಲನ್ನು ಹಿಂದಕ್ಕೆ ಕಳಿಸಿ, ಮಹಡಿಗೊಂದೇ ಕಿಟಕಿ ಇಟ್ಟು ನೋಡುತ್ತಿದ್ದೇನೆ. ಭಾಗ್ಯನಗರದಲ್ಲಿ ಒಂದು ಅಂಥದು ಲಿಂಟಲ್ ಮಟ್ಟಕ್ಕೆ ಬಂದಿದೆ.