ಬೆಣ್ಣೆ ಕಳಿಸಿದೆ, ತುಪ್ಪ ತಲುಪಿತು

ದಾವಣಗೆರೆಯಲ್ಲಿ ಮನೆಯಿಂದಲೇ ಕ್ರೀಮು, ಸೀರಮ್ಮು, ಲಿಪ್ ಬಾಮ್ ಮಾರುತ್ತೇನೆ. ಅಂಗಡಿ ಇಲ್ಲ, ವಾಟ್ಸಾಪ್ ಬಿಸಿನೆಸ್ ಕ್ಯಾಟಲಾಗೇ ಅಂಗಡಿ. ತಯಾರಿ ನನ್ನದಲ್ಲ, ಲೈಸೆನ್ಸ್ ಇರುವವರಿಂದ ತರಿಸುತ್ತೇನೆ. ಮನೆಯಲ್ಲಿ ಕಲಸಿ ಮಾರುವುದಕ್ಕೂ ತಯಾರಿಕೆಯ ಲೈಸೆನ್ಸ್ ಬೇಕು, ಆ ತಲೆನೋವು ನನಗೆ ಬೇಡ.

ಮಾರಾಟ ಶುರು ಮಾಡಿದ ಮೊದಲ ಏಪ್ರಿಲ್‌ನಲ್ಲಿ ಕಲಬುರಗಿಗೆ ಒಂದು ಬಾಡಿ ಬಟರ್ ಡಬ್ಬಿ ಕಳಿಸಿದ್ದೆ. ನಾಲ್ಕನೇ ದಿನ ಒಂದು ಫೋಟೋ ಬಂತು, ಕೆಳಗೆ ಮೆಸೇಜು: "ಅಕ್ಕಾ, ಇದೇನ್ರಿ, ಬೆಣ್ಣಿ ಕಳಿಸೀರೋ ತುಪ್ಪ ಕಳಿಸೀರೋ?" ಬೆಣ್ಣೆ ದೋಸೆ ಊರಿನವಳಿಗೆ ಈ ಮಾತು ಬೇಕಿತ್ತಾ! ಆದರೆ ಫೋಟೋ ನೋಡಿದರೆ ಅವರ ಮಾತು ಸರಿಯೇ. ಡಬ್ಬಿಯ ಹೊರಗೆಲ್ಲ ಎಣ್ಣೆ, ಒಳಗೆ ಉಳಿದದ್ದು ರವೆ ರವೆ.

ಆಗಿದ್ದಿಷ್ಟು. ಬಾಡಿ ಬಟರಿನಲ್ಲಿರುವ ಶಿಯಾ ಬಟರ್ ಮೂವತ್ತು ಡಿಗ್ರಿ ಮೇಲಿನ ಬಿಸಿಲಿಗೇ ಮೆತ್ತಗಾಗುತ್ತದೆ, ಇನ್ನು ಪಾರ್ಸೆಲ್ ವ್ಯಾನಿನೊಳಗೆ ಕೇಳಬೇಕಾ? ಕರಗಿದ್ದು ಮುಚ್ಚಳದ ಸುರುಳಿಯಿಂದ ಹೊರಬಂತು, ಯಾಕೆಂದರೆ ಮುಚ್ಚಳದ ಕೆಳಗೆ ಫಾಯಿಲ್ ಸೀಲ್ ಇರಲಿಲ್ಲ. ಒಳಗಿದ್ದದ್ದು ರಾತ್ರಿ ನಿಧಾನವಾಗಿ ತಣ್ಣಗಾಗಿ ಹರಳುಗಟ್ಟಿತು. ಕೆಟ್ಟಿಲ್ಲ, ಅಂಗೈಯಲ್ಲಿ ಉಜ್ಜಿದರೆ ಕರಗುತ್ತದೆ. ಆದರೆ ದುಡ್ಡು ಕೊಟ್ಟವರಿಗೆ ಅದನ್ನು ಹೇಗೆ ಹೇಳುವುದು?

ಅವರು ಕೊಟ್ಟಿದ್ದು ಡಬ್ಬಿಗೆ 380, ಕೊರಿಯರ್‌ಗೆ 75. ಪೂರ್ತಿ 455 ವಾಪಸ್ ಹಾಕಿದೆ. ಡಬ್ಬಿ ನನಗೆ ಬಿದ್ದಿದ್ದು 240, ಅಂದರೆ ಕೊರಿಯರ್ ಸೇರಿ ಕೈಬಿಟ್ಟಿದ್ದು 315. ಡಬ್ಬಿ ವಾಪಸ್ ಕಳಿಸಿ ಅನ್ನಲಿಲ್ಲ. ತರಿಸಿಕೊಳ್ಳಲು ಇನ್ನೊಂದು ಕೊರಿಯರ್ ಖರ್ಚು, ತೆರೆದ ಡಬ್ಬಿಯನ್ನು ಬೇರೆಯವರಿಗೆ ಮಾರುವ ಹಾಗೂ ಇಲ್ಲ.

ಆಮೇಲೆ ಹೊಸ ಮಾಲು ಬಂದಾಗೆಲ್ಲ ಒಂದು ಪರೀಕ್ಷೆ ಮಾಡುತ್ತೇನೆ. ಡಬ್ಬಿಯನ್ನು ಟಿಶ್ಯೂ ಪೇಪರಿನಲ್ಲಿ ಸುತ್ತಿ, ಬಾಕ್ಸಿನೊಳಗೆ ತಲೆಕೆಳಗಾಗಿಟ್ಟು, ಮಧ್ಯಾಹ್ನ ಎರಡು ತಾಸು ತಾರಸಿಯ ಮೇಲೆ ಬಿಡುವುದು. ಟಿಶ್ಯೂ ಮೇಲೆ ಕಲೆ ಬಿದ್ದರೆ ಆ ಡಬ್ಬಿ ದೂರದ ಊರಿಗೆ ಹೋಗುವುದಿಲ್ಲ. ಫಾಯಿಲ್ ಸೀಲ್ ಇದ್ದವು ಸಾಮಾನ್ಯವಾಗಿ ಪಾಸ್. ಜಾಸ್ತಿ ಕಾಟ ಪಂಪ್ ಬಾಟಲಿಗಳದು. ಅವಕ್ಕೆ ಪಂಪನ್ನು ತಿರುಗಿಸಿ ಲಾಕ್ ಮಾಡಿ, ಕತ್ತಿಗೆ ಟೇಪು ಸುತ್ತಿ, ಜಿಪ್ ಕವರಿಗೆ ಹಾಕುತ್ತೇನೆ. ಬಾಡಿ ಬಟರನ್ನು ಮಾರ್ಚ್ ನಡುವಿನಿಂದ ಮಳೆ ಹಿಡಿಯುವವರೆಗೆ ಕ್ಯಾಟಲಾಗಿನಲ್ಲಿ ಹೈಡ್ ಮಾಡುತ್ತೇನೆ. ಊರೊಳಗೆ ಕೇಳಿದವರಿಗೆ ಮಾತ್ರ ಸಂಜೆ ಸ್ಕೂಟಿಯಲ್ಲಿ ಹೋಗಿ ಕೊಡುತ್ತೇನೆ.

ಬಾಕ್ಸ್ ದೊಡ್ಡದಿದ್ದರೆ ಸೇಫ್ ಅಂದುಕೊಂಡಿದ್ದೆ, ಅದೂ ತಪ್ಪು. ಕೊರಿಯರಿನವರು ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ, ನಿಜ ತೂಕಕ್ಕಿಂತ ಅದು ಜಾಸ್ತಿ ಬಂದರೆ ಅದಕ್ಕೇ ಬಿಲ್ಲು. 20, 15, 10ರ ಬಾಕ್ಸು 600 ಗ್ರಾಂ ಲೆಕ್ಕ, ಒಳಗಿನ ಮಾಲು 300 ಗ್ರಾಮೇ ಇದ್ದರೂ. ಈಗ 18, 12, 10ರದ್ದು ತರುತ್ತೇನೆ, ಅದು 432ಕ್ಕೆ ನಿಲ್ಲುತ್ತದೆ. ಅರ್ಧ ಕೆಜಿಯ ಒಳಗೇ ಆಯಿತಲ್ವಾ. ಉಳಿದ ಜಾಗಕ್ಕೆ ಪೇಪರ್ ಚೂರು. ಅಲ್ಲಾಡಿಸಿದಾಗ ಸದ್ದು ಬಂದರೆ ಮತ್ತೆ ಬಿಚ್ಚಿ ತುಂಬುತ್ತೇನೆ.

ಮುಚ್ಚುವ ಮೊದಲು ತೆರೆದ ಬಾಕ್ಸನ್ನು ಅಡುಗೆಮನೆಯ ತಕ್ಕಡಿ ಮೇಲಿಟ್ಟು, ಒಳಗಿನ ಮಾಲು ಮತ್ತು ತೂಕ ಎರಡೂ ಕಾಣುವ ಹಾಗೆ ಒಂದು ಫೋಟೋ. ಹಿರಿಯೂರಿನ ಒಬ್ಬರು ಲಿಪ್ ಬಾಮ್ ಬಂದಿಲ್ಲ ಅಂದಾಗ ಈ ಫೋಟೋ ಕಳಿಸಿ, "ಮೇಡಂ, ಪೇಪರ್ ಚೂರಿನಲ್ಲಿ ಒಮ್ಮೆ ನೋಡಿ" ಅಂದೆ. ಹತ್ತು ನಿಮಿಷಕ್ಕೆ "ಸಿಕ್ತು, ಸಾರಿ" ಅಂತ ಬಂತು. ಜಗಳ ಆಗಲೇ ಇಲ್ಲ.

ಕ್ಯಾಟಲಾಗಿನ ಫೋಟೋಗಳ ವಿಷಯದಲ್ಲಿ ನನ್ನ ಹಟ ಒಂದೇ: ಟ್ಯೂಬ್‌ಲೈಟ್ ಆರಿಸಬೇಕು, ಕಿಟಕಿ ಬೆಳಕು ಮಾತ್ರ ಸಾಕು. ಎರಡೂ ಬೆರೆತರೆ ಬಿಳಿ ಕ್ರೀಮು ಹಳದಿಯಾಗಿ ಕಾಣುತ್ತದೆ, ಆಮೇಲೆ "ಫೋಟೋದಲ್ಲಿದ್ದ ಹಾಗಿಲ್ಲ" ಅಂತ ವಾಪಸ್. ಒಂದು ವಸ್ತುವಿಗೆ ಹತ್ತು ಫೋಟೋ ಹಾಕಬಹುದು, ನಾನು ನಾಲ್ಕು ಹಾಕುತ್ತೇನೆ: ಮುಂಭಾಗ, ನನ್ನ ಕೈಮೇಲೆ ಹಚ್ಚಿದ್ದು, ನನಗಿಂತ ಬೆಳ್ಳಗಿರುವ ನಮ್ಮ ಅತ್ತಿಗೆಯ ಕೈಮೇಲೆ ಹಚ್ಚಿದ್ದು, ಮತ್ತೆ ಬ್ಯಾಚ್ ನಂಬರು, ಎಕ್ಸ್‌ಪೈರಿ ಕಾಣುವ ಹಿಂಭಾಗ. ಈ ಕೊನೆಯದನ್ನು ಹೊಸ ಸ್ಟಾಕ್ ಬಂದಾಗ ಬದಲಿಸಬೇಕು. ಒಮ್ಮೆ ಮರೆತು ಬೈಸಿಕೊಂಡಿದ್ದೇನೆ.

ವಾಪಸಿಗೆ ನನ್ನ ನಿಯಮ: ಸೋರಿದ್ದರೆ, ಬೇರೆ ವಸ್ತು ಹೋಗಿದ್ದರೆ ಎರಡು ದಿನದೊಳಗೆ ಬಿಚ್ಚುವಾಗಿನ ವಿಡಿಯೋ ಕಳಿಸಿದರೆ ಪೂರ್ತಿ ಹಣ. "ನನಗೆ ಹೊಂದಲಿಲ್ಲ" ಅನ್ನುವುದೇ ಕಷ್ಟದ್ದು, ಯಾಕೆಂದರೆ ಹಚ್ಚಿ ನೋಡಲು ಸೀಲ್ ಒಡೆಯಬೇಕು, ಒಡೆದರೆ ನಾನು ತೆಗೆದುಕೊಳ್ಳುವ ಹಾಗಿಲ್ಲ. ಅದಕ್ಕೆ ಸ್ಯಾಶೆ ಸಿಗುವ ಕ್ರೀಮುಗಳ ಜೊತೆ ಒಂದು ಸ್ಯಾಶೆ ಸುಮ್ನೆ ಹಾಕುತ್ತೇನೆ. ಮೊದಲು ಅದನ್ನು ಮೊಣಕೈ ಒಳಭಾಗಕ್ಕೆ ಹಚ್ಚಿ ಒಂದು ದಿನ ಬಿಡಿ, ತುರಿಕೆ ಬಂದರೆ ಸೀಲ್ ಒಡೆಯದೆ ವಾಪಸ್ ಕಳಿಸಿ ಅಂತ ಚೀಟಿಯಲ್ಲಿ ಬರೆದಿರುತ್ತೇನೆ. ಸೀರಮ್ಮುಗಳಿಗೆ ನನಗೆ ಸ್ಯಾಶೆ ಸಿಗುವುದಿಲ್ಲ, ಆದ್ದರಿಂದ ಅವನ್ನು ಹೊಸ ಗ್ರಾಹಕರಿಗೆ ಚಿಕ್ಕ ಬಾಟಲಿಯಲ್ಲಷ್ಟೇ ಕೊಡುತ್ತೇನೆ.