ಮೊಬೈಲ್ ಫೋಟೋ ತೋರಿಸಿ ಮಾತ್ರೆ ಕೇಳಿದರೆ ನಾನು ಏನು ನೋಡುತ್ತೇನೆ

ನಮ್ಮ ಮೆಡಿಕಲ್‌ಗೆ ಸಂಜೆ ಬರುವವರಲ್ಲಿ ಚೀಟಿ ತರುವವರಿಗಿಂತ ಮೊಬೈಲ್ ಮುಂದೆ ಹಿಡಿಯುವವರೇ ಜಾಸ್ತಿ. "ಸರ್, ಇದು ಇದ್ಯಾ?" ಅಂತ ಶುರು ಮಾಡುತ್ತಾರೆ. ಫೋಟೋದಲ್ಲಿ ಬ್ರ್ಯಾಂಡ್ ಹೆಸರು ದೊಡ್ಡದಾಗಿ ಕಾಣುತ್ತದೆ. ನನಗೆ ಬೇಕಾಗಿರುವುದು ಆ ಹೆಸರಿನ ಬಾಲ.

ಬಿಪಿ ಮಾತ್ರೆಯನ್ನೇ ತಗೊಳ್ಳಿ. ಒಂದೇ ಬ್ರ್ಯಾಂಡ್‌ನಲ್ಲಿ ಬರೀ ಟೆಲ್ಮಿಸಾರ್ಟನ್ 40 ಇರುತ್ತದೆ. ಕೊನೆಗೆ ಎಚ್ ಇದ್ದರೆ ಸಾಮಾನ್ಯವಾಗಿ ಜೊತೆಗೆ ಮೂತ್ರ ಜಾಸ್ತಿ ಹೋಗಿಸುವ ಹೈಡ್ರೋಕ್ಲೋರೋಥಯಾಜೈಡ್ ಇದೆ ಅಂತ. ಎಎಂ ಇದ್ದರೆ ಅಮ್ಲೋಡಿಪಿನ್. ಸ್ಟ್ರಿಪ್ಪಿನ ಬಣ್ಣ, ಅಕ್ಷರದ ಶೈಲಿ ಎಲ್ಲ ಹೆಚ್ಚುಕಮ್ಮಿ ಒಂದೇ ಥರ. ಈ ಬಾಲದ ಅಕ್ಷರವನ್ನೂ ನಾನು ಪೂರ್ತಿ ನಂಬುವುದಿಲ್ಲ, ಯಾಕೆಂದರೆ ಎಲ್ಲ ಕಂಪನಿಯವರೂ ಒಂದೇ ಅರ್ಥದಲ್ಲಿ ಹಾಕುವುದಿಲ್ಲ. ನಂಬುವುದು ಹಿಂದುಗಡೆ ಸಣ್ಣಕ್ಷರದಲ್ಲಿ ಬರೆದಿರುವ ಔಷಧದ ಹೆಸರು ಮತ್ತು ಮಿಲಿಗ್ರಾಂ ಮಾತ್ರ.

ಒಬ್ಬ ಹುಡುಗ ಊರಲ್ಲಿರುವ ಅಮ್ಮನ ಮಾತ್ರೆಯ ಫೋಟೋ ತಂದಿದ್ದ. ಮರುದಿನ ಊರಿಗೆ ಹೊರಟಿದ್ದವನು, ಇಲ್ಲಿಂದಲೇ ಒಯ್ಯೋಣ ಅಂತ. ಸ್ಟ್ರಿಪ್ ಅರ್ಧ ಕತ್ತರಿಸಿದ್ದು. ಹೆಸರು ಕಾಣುತ್ತದೆ, 40 ಕಾಣುತ್ತದೆ, ಅದರ ಮುಂದೆ ಕತ್ತರಿ ಬಿದ್ದಿದೆ. "ಮಾತ್ರೆ ಬಣ್ಣ ಯಾವುದು?" ಎಂದು ಕೇಳಿದೆ. ಅವನಿಗೆ ಗೊತ್ತಿಲ್ಲ. ಫೋಟೋದಲ್ಲೂ ಕಾಣುವ ಹಾಗಿರಲಿಲ್ಲ, ಎರಡೂ ಕಡೆ ಅಲ್ಯೂಮಿನಿಯಂ ಹಾಳೆ.

"ಅಮ್ಮನಿಗೆ ವಿಡಿಯೋ ಕಾಲ್ ಮಾಡಪ್ಪ" ಅಂದೆ. ಅಮ್ಮ ಸ್ಟ್ರಿಪ್ ತಿರುಗಿಸಿ ಹಿಡಿದರು. ಬೆಳಕು ಹೊಳೆದು ಏನೂ ಕಾಣಲಿಲ್ಲ. "ಸ್ವಲ್ಪ ಓರೆ ಮಾಡಿ ಹಿಡೀರಿ ಅಮ್ಮಾ" ಅಂದಮೇಲೆ ಎರಡು ಸಾಲು ಕಂಡವು: ಟೆಲ್ಮಿಸಾರ್ಟನ್ 40, ಹೈಡ್ರೋಕ್ಲೋರೋಥಯಾಜೈಡ್ 12.5. ಆಮೇಲೆ ಡಾಕ್ಟರ ಚೀಟಿ ತೋರಿಸಲು ಹೇಳಿದೆ. ಚೀಟಿಯಲ್ಲಿ ಬರೀ ಟೆಲ್ಮಿಸಾರ್ಟನ್ 40!

ಚೀಟಿ ನೋಡಿ ಕೊಟ್ಟರೆ ಒಂದು ಔಷಧ ಬಿಟ್ಟುಹೋಗಿ ಬಿಪಿ ಏರಬಹುದು. ಸ್ಟ್ರಿಪ್ ನೋಡಿ ಕೊಟ್ಟರೆ, ಅದನ್ನು ಯಾರೋ ಅಂಗಡಿಯವರು ತಪ್ಪಿ ಕೊಟ್ಟಿದ್ದರೆ, ಬೇಡದ ಮಾತ್ರೆ ಮುಂದುವರಿಯುತ್ತದೆ. ವಯಸ್ಸಾದವರಲ್ಲಿ ಅದರಿಂದ ಸೋಡಿಯಂ ಇಳಿದು ತಲೆ ಸುತ್ತುವುದು, ಮಂಕಾಗುವುದು ಉಂಟು. ಹಾಗಾಗಿ ತಾರೀಖು ಕೇಳಿದೆ. ಅದು ಹಳೇ ಚೀಟಿ. "ಆಮೇಲೆ ಡಾಕ್ಟರ ಹತ್ರ ಹೋಗಿದ್ರಾ?" ಅಂದೆ. "ಹೂಂ ಕಣಪ್ಪ, ಬಿಪಿ ಇಳೀತಿಲ್ಲ ಅಂತ ಬದಲಾಯಿಸಿದ್ರು" ಅಂದರು. ಹೊಸ ಚೀಟಿ ಫೈಲಿನಲ್ಲೇ ಇತ್ತು, ಸ್ಟ್ರಿಪ್ಪಿಗೆ ಸರಿಹೊಂದಿತು. ಸಿಗದೇ ಇದ್ದಿದ್ದರೆ ಆ ಡಾಕ್ಟರಿಗೆ ಫೋನ್ ಮಾಡದೆ ಕೊಡುತ್ತಿರಲಿಲ್ಲ.

ಆ ಬ್ರ್ಯಾಂಡ್ ನಮ್ಮಲ್ಲಿರಲಿಲ್ಲ. "ಬೇರೆ ಕಂಪನಿದು ಕೊಡಿ ಸರ್, ಒಳಗಿರೋದು ಅದೇ ಅಲ್ವಾ?" ಅಂದ. ಒಳಗಿರುವುದು ಅದೇ, ನಿಜ. ಆದರೆ ಇದು ಶೆಡ್ಯೂಲ್ ಎಚ್ ಔಷಧ, ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರಬಾರದ್ದು. (ಈ ಎಚ್‌ಗೂ ಮಾತ್ರೆಯ ಹೆಸರಿನ ಎಚ್‌ಗೂ ಸಂಬಂಧವಿಲ್ಲ, ಸುಮ್ನೆ ಗೊಂದಲ.) ಚೀಟಿಯಲ್ಲಿ ಬ್ರ್ಯಾಂಡ್ ಬರೆದಿದ್ದರೆ, ಅದೇ ಔಷಧವಿದ್ದರೂ ಅದರ ಬದಲು ಬೇರೆಯದನ್ನು ನಾವಾಗಿ ಕೊಡಲು ನಿಯಮದಲ್ಲಿ ಅವಕಾಶವಿಲ್ಲ. ಡಾಕ್ಟರೇ ಔಷಧದ ಹೆಸರು ಬರೆದಿದ್ದರೆ ಯಾವ ಕಂಪನಿಯದಾದರೂ ಆಗುತ್ತದೆ. ಜನರಿಗೆ ಇದು ಕಿರಿಕಿರಿ, ನನಗೂ ಕೆಲವೊಮ್ಮೆ ಹಾಗೇ ಅನ್ನಿಸುತ್ತದೆ. ಊರಿನ ಅಂಗಡಿಯಲ್ಲೇ ಹೊಸ ಚೀಟಿ ತೋರಿಸಿ ತಗೊಳ್ಳಲು ಹೇಳಿದೆ.

ವಿಡಿಯೋದಲ್ಲಿ ಇನ್ನೊಂದು ಕಂಡಿತು. ಅಮ್ಮ ಒಂದಿಷ್ಟು ಮಾತ್ರೆ ಬಿಡಿಸಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿಟ್ಟಿದ್ದರು. ಟೆಲ್ಮಿಸಾರ್ಟನ್ ತೇವ ಹೀರುತ್ತದೆ. ಎರಡೂ ಕಡೆ ಹಾಳೆ ಹಾಕುವುದೇ ಅದಕ್ಕೆ. ನುಂಗುವ ಹೊತ್ತಿಗೆ ಒಂದೊಂದೇ ಬಿಡಿಸಿ ಎಂದೆ.

"ಎಕ್ಸ್‌ಪೈರಿ ಸರಿ ಇದೆಯಾ ಸರ್?" ಎಂದೂ ಕೇಳಿದ. ಅರ್ಧ ಸ್ಟ್ರಿಪ್ಪಿನಲ್ಲಿ ಅದಿರಲಿಲ್ಲ. ತಾರೀಖು ಒಂದು ತುದಿಯಲ್ಲಿ ಮಾತ್ರ ಒತ್ತಿರುತ್ತದೆ. ಕತ್ತರಿಸಿ ಮಾರುವಾಗ ನಾವು ಆ ತುದಿಯನ್ನು ಅಂಗಡಿಯಲ್ಲೇ ಉಳಿಸಿಕೊಳ್ಳುತ್ತೇವೆ, ಗಿರಾಕಿ ಕೈಗೆ ಹೋಗುವುದು ತಾರೀಖಿಲ್ಲದ ತುಂಡು. ಹಾಗೆ ತಗೊಂಡರೆ ಬಿಲ್ ಕೇಳಿ, ಅದರಲ್ಲಿ ಬ್ಯಾಚ್ ನಂಬರ್, ಎಕ್ಸ್‌ಪೈರಿ ಇರುತ್ತದೆ. ಫೋಟೋ ತೆಗೆಯುವುದಾದರೆ ಪೂರ್ತಿ ಸ್ಟ್ರಿಪ್ಪಿನ ಹಿಂಭಾಗ ತೆಗೆಯಿರಿ, ಪಕ್ಕದಲ್ಲಿ ಈಚಿನ ಚೀಟಿ ಇಟ್ಟು.

ಹೋಗುವ ಮುಂಚೆ ಹುಡುಗ ಮೆಲ್ಲಗೆ, "ನಂಗೂ ಬಿಪಿ ಸ್ವಲ್ಪ ಇದೆ ಅಂದಿದ್ರು. ಅಮ್ಮಂದೇ ತಗೋಬಹುದಾ?" ಅಂದ. ಬೇಡ ಅಂದೆ. ಈ ಮಾತ್ರೆ ಶುರು ಮಾಡುವಾಗ ರಕ್ತ ಪರೀಕ್ಷೆ ಮಾಡಿಸಿ ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಿಸಿಕೊಳ್ಳಬೇಕು. ಮೊದಲು ಬಿಪಿ ಎಷ್ಟಿದೆ ಅಂತಲಾದರೂ ಗೊತ್ತಾಗಲಿ ಎಂದು ಸ್ಟೂಲಿನ ಮೇಲೆ ಕೂರಿಸಿ, ಐದು ನಿಮಿಷ ಬಿಟ್ಟು ಮಿಷನ್ ಕಟ್ಟಿದೆ. 148/94 ಬಂತು. ಚೀಟಿಯ ಹಿಂದೆ ಬರೆದುಕೊಟ್ಟು, ಡಾಕ್ಟರಿಗೆ ತೋರಿಸು ಅಂತ ಕಳಿಸಿದೆ.